ಭೇದಿ ನಿಲ್ಲಿಸದ ಪುಡಿ

ಆಶಾ ಕಾರ್ಯಕರ್ತೆಯರಿಗೆ ಊರೂರಿನಲ್ಲೂ ಒಂದು ದೂರು ಕೇಳಿಬರುತ್ತದೆ: "ಅಕ್ಕಾ, ನೀವು ಕೊಟ್ಟ ಪುಡಿ ಕಲಸಿ ಕುಡಿಸಿದ್ವಿ. ಭೇದಿ ಏನೂ ನಿಲ್ಲಲಿಲ್ಲ." ದೂರಿನಲ್ಲಿ ಸುಳ್ಳೇನಿಲ್ಲ. ಓಆರ್‌ಎಸ್ ಪುಡಿಗೆ ಭೇದಿ ನಿಲ್ಲಿಸುವ ಶಕ್ತಿ ಇಲ್ಲ. ಅದು ರೋಗಾಣುವನ್ನು ಕೊಲ್ಲುವುದಿಲ್ಲ, ಕರುಳನ್ನು ಕಟ್ಟಿಹಾಕುವುದೂ ಇಲ್ಲ. ಕುಡಿಸಿದ ಮೇಲೆ ಮಗು ಇನ್ನೂ ನಾಲ್ಕು ಸಲ ನೀರಾಗಿ ಹೋದರೆ, ಪುಡಿ ಕೆಲಸ ಮಾಡಲಿಲ್ಲ ಎಂದು ತಾಯಿಗೆ ಅನಿಸುವುದು ಸಹಜ. ಹಾಗೆ ಅನಿಸಿದ ಕೂಡಲೇ ಲೋಟ ಮೂಲೆಗೆ ಸೇರುತ್ತದೆ, "ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿಬಿಡೋಣ" ಎಂಬ ಮಾತು ಮನೆಯಲ್ಲಿ ಏಳುತ್ತದೆ.

ಪುಡಿ ಮಾಡುವುದು ಬೇರೆಯೇ ಕೆಲಸ. ಹಿಂದಿನ ಬಾಗಿಲಿನಿಂದ ನೀರು ಹೊರಹೋಗುತ್ತಿರುವಾಗಲೇ ಮುಂದಿನ ಬಾಗಿಲಿನಿಂದ ಅಷ್ಟೇ ನೀರನ್ನು ಮೈಯೊಳಗೆ ಸೇರಿಸುವುದು ಅದರ ಕೆಲಸ. ಭೇದಿಯಲ್ಲಿ ಸಾಯುವವರು ಬಹುಪಾಲು ಸಾಯುವುದು ರೋಗಾಣುವಿನಿಂದಲ್ಲ, ಮೈಯ ನೀರು ಮತ್ತು ಉಪ್ಪು ಬತ್ತಿಹೋಗಿ. ಬತ್ತದಂತೆ ನೋಡಿಕೊಂಡರೆ ಹೆಚ್ಚಿನ ಭೇದಿಗಳು ಕೆಲವು ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆದರೆ ನೀರು ಬೇಕಿದ್ದರೆ ನೀರನ್ನೇ ಕುಡಿಸಬಹುದಲ್ಲ? ಅದಕ್ಕೆ ಉಪ್ಪೇಕೆ? ಉಪ್ಪು ಸರಿ ಎಂದೇ ಇಟ್ಟುಕೊಳ್ಳಿ, ಸಕ್ಕರೆ ಯಾಕೆ? ರುಚಿಗೋ, ಶಕ್ತಿಗೋ?

ಎರಡಕ್ಕೂ ಅಲ್ಲ. ಉತ್ತರ ಸಣ್ಣ ಕರುಳಿನ ಗೋಡೆಯಲ್ಲಿದೆ.

ಆರೋಗ್ಯವಂತ ಮನುಷ್ಯನ ಕರುಳಿಗೆ ದಿನಕ್ಕೆ ಸುಮಾರು ಎಂಟೊಂಬತ್ತು ಲೀಟರ್ ನೀರು ಬಂದು ಬೀಳುತ್ತದೆ. ಅದರಲ್ಲಿ ಕುಡಿದದ್ದು ಮತ್ತು ಊಟದ ಜೊತೆ ಬಂದದ್ದು ಸುಮಾರು ಎರಡು ಲೀಟರ್ ಮಾತ್ರ. ಉಳಿದದ್ದೆಲ್ಲ ಜೊಲ್ಲು, ಜಠರರಸ, ಪಿತ್ತರಸ ಮತ್ತು ಕರುಳು ತಾನೇ ಸುರಿಸುವ ರಸ. ಅಂದರೆ ಮೈ ತನ್ನ ನೀರನ್ನೇ ಕರುಳಿಗೆ ಸಾಲ ಕೊಟ್ಟು ಸಂಜೆಯೊಳಗೆ ವಸೂಲು ಮಾಡಿಕೊಳ್ಳುತ್ತದೆ. ಕೊನೆಗೆ ಮಲದ ಜೊತೆ ಹೊರಹೋಗುವುದು ಒಂದು ಸಣ್ಣ ಲೋಟದಷ್ಟು. ಭೇದಿ ಎಂದರೆ ಈ ವಸೂಲಿ ಹದಗೆಟ್ಟಿದೆ ಎಂದರ್ಥ. ಕೊಟ್ಟದ್ದು ಹೆಚ್ಚಾಗಿದೆ, ಇಲ್ಲವೇ ಮರಳಿ ಬಂದದ್ದು ಕಡಿಮೆಯಾಗಿದೆ, ಕೆಲವೊಮ್ಮೆ ಎರಡೂ.

ನೀರನ್ನು ಎಳೆದುಕೊಳ್ಳಲು ಕರುಳಿನಲ್ಲಿ ಪಂಪು ಇಲ್ಲ. ಮೈಯ ಯಾವ ಜೀವಕೋಶಕ್ಕೂ ನೇರವಾಗಿ ನೀರನ್ನು ಪಂಪು ಮಾಡುವ ಯಂತ್ರವಿಲ್ಲ. ನೀರು ತಾನಾಗಿ ಹೋಗಬೇಕು, ಮತ್ತು ಅದು ಹೋಗುವುದು ಕರಗಿದ ವಸ್ತು ಹೆಚ್ಚಿರುವ ಕಡೆಗೆ. ಸೌತೆಕಾಯಿ ಹೋಳಿಗೆ ಉಪ್ಪು ಸವರಿಟ್ಟರೆ ಹತ್ತು ನಿಮಿಷದಲ್ಲಿ ಅದು ನೀರು ಬಿಡುತ್ತದಲ್ಲ, ಅದೇ ನಿಯಮ. ಆದ್ದರಿಂದ ಕರುಳು ನೀರನ್ನು ಒಳಗೆ ಕರೆದುಕೊಳ್ಳಬೇಕಾದರೆ ಮೊದಲು ಉಪ್ಪನ್ನು, ಸರಿಯಾಗಿ ಹೇಳಬೇಕೆಂದರೆ ಉಪ್ಪಿನಲ್ಲಿರುವ ಸೋಡಿಯಂ ಅನ್ನು, ಗೋಡೆಯ ಆಚೆಗೆ ದಾಟಿಸಬೇಕು. ಸೋಡಿಯಂ ಹೋದರೆ ಹಿಂದೆಯೇ ನೀರು ಹೋಗುತ್ತದೆ.

ಸೋಡಿಯಂ ದಾಟಿಸುವ ದಾರಿಗಳು ಕರುಳಿನ ಗೋಡೆಯಲ್ಲಿ ಕೆಲವಿವೆ. ಅದರಲ್ಲಿ ಒಂದು ವಿಚಿತ್ರವಾದದ್ದು. ಅದನ್ನು ದೋಣಿ ಎಂದುಕೊಳ್ಳಿ. ಈ ದೋಣಿಯ ಅಂಬಿಗನಿಗೆ ಒಂದು ಹಟ. ಎರಡು ಸೋಡಿಯಂ, ಒಂದು ಗ್ಲೂಕೋಸ್, ಮೂರೂ ಹತ್ತಿ ಕೂರುವ ತನಕ ಹಗ್ಗ ಬಿಚ್ಚುವುದಿಲ್ಲ. ಬರೀ ಸೋಡಿಯಂ ಬಂದು ಕಾದರೆ ದೋಣಿ ಈ ದಡದಲ್ಲೇ ನಿಂತಿರುತ್ತದೆ. ಬರೀ ಗ್ಲೂಕೋಸ್ ಬಂದರೂ ಅಷ್ಟೇ. ಮೂರೂ ಸೇರಿದ ಕ್ಷಣ ಆಚೆ ದಡಕ್ಕೆ ಇಳಿಸಿ ಖಾಲಿ ದೋಣಿ ವಾಪಸು ಬರುತ್ತದೆ. ವಿಜ್ಞಾನಿಗಳು ಇದಕ್ಕೆ ಕೊಟ್ಟ ಹೆಸರು ಎಸ್‌ಜಿಎಲ್‌ಟಿ-1. ಜೀವಕೋಶದ ಹೊರಪದರದಲ್ಲಿ ಕೂತಿರುವ ಒಂದು ಪ್ರೋಟೀನು ಅದು.

ದೋಣಿ ಓಡಲು ಬೇಕಾದ ಕಸುವು ಎಲ್ಲಿಂದ ಬರುತ್ತದೆ ಎಂದು ಕೇಳಬಹುದು. ಅದೇ ಜೀವಕೋಶದ ಹಿಂಬದಿಯಲ್ಲಿ, ರಕ್ತದ ಕಡೆಗೆ, ಏತ ಹೊಡೆಯುವವನೊಬ್ಬ ಹಗಲಿರುಳು ನಿಂತಿದ್ದಾನೆ. ಪ್ರತಿ ಸಲವೂ ಮೂರು ಸೋಡಿಯಂ ಎತ್ತಿ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತಾನೆ. ಅವನಿಂದಾಗಿ ಕೋಶದೊಳಗೆ ಸೋಡಿಯಂ ಯಾವಾಗಲೂ ಕಡಿಮೆ. ಹೀಗಾಗಿ ಕರುಳಿನ ಕಡೆಯ ಸೋಡಿಯಂ ಒಳನುಗ್ಗಲು ತವಕಿಸುತ್ತದೆ, ಆ ನುಗ್ಗಾಟದ ಬಲದಲ್ಲೇ ಗ್ಲೂಕೋಸೂ ದಾಟುತ್ತದೆ. ಗೋಡೆಯ ಆಚೆ ಸೋಡಿಯಂ, ಗ್ಲೂಕೋಸ್ ಎರಡೂ ಸೇರಿದ ಮೇಲೆ ನೀರು ಹಿಂದೆ ಬೀಳದೆ ಇರಲಾರದು. ಸಕ್ಕರೆ ಇಲ್ಲಿ ತಿಂಡಿಯಲ್ಲ, ದೋಣಿಯ ಮೂರನೆಯ ಪ್ರಯಾಣಿಕ.

ಕಾಲರಾ ಬಂದಾಗ ಏನಾಗುತ್ತದೆ ಎಂದು ನೋಡಿದರೆ ಈ ದೋಣಿಯ ಬೆಲೆ ತಿಳಿಯುತ್ತದೆ. ಕಾಲರಾ ರೋಗಾಣು ಕರುಳಿನ ಗೋಡೆಯನ್ನು ಕೊರೆಯುವುದಿಲ್ಲ, ಸುಡುವುದಿಲ್ಲ. ಅದು ಬಿಡುವ ವಿಷ ಕೋಶದೊಳಗೆ ಹೊಕ್ಕು ಒಂದು ಸ್ವಿಚ್ಚನ್ನು ಒತ್ತಿ ಹಿಡಿಯುತ್ತದೆ. ಆಗ ಕ್ಲೋರೈಡ್ ಹೊರಬಿಡುವ ತೂಬು ತೆರೆದುಕೊಳ್ಳುತ್ತದೆ. ಕ್ಲೋರೈಡ್ ಕರುಳಿಗೆ ಸುರಿಯುತ್ತದೆ, ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಅಕ್ಕಿ ತೊಳೆದ ನೀರಿನಂಥ ಭೇದಿ ಅದು. ತೀವ್ರವಾದಾಗ ದೊಡ್ಡವರಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ಹೋಗಬಹುದು. ಅದೇ ಸ್ವಿಚ್ಚು ಸೋಡಿಯಂ ಒಳಬರುವ ಮಾಮೂಲಿ ದಾರಿಯೊಂದನ್ನೂ ಮುಚ್ಚಿಬಿಡುತ್ತದೆ. ಆದ್ದರಿಂದ ಬರೀ ಉಪ್ಪುನೀರು ಕುಡಿಸಿದರೆ ಅದೂ ಭೇದಿಯ ಜೊತೆ ಸೇರಿ ಹೊರಹೋಗುತ್ತದೆ. ಆದರೆ ಸಕ್ಕರೆ ಮತ್ತು ಉಪ್ಪಿನ ಜೋಡಿ ದೋಣಿಯನ್ನು ಆ ವಿಷ ಮುಟ್ಟುವುದಿಲ್ಲ. ತೂಬು ಒಡೆದು ಕೆರೆ ಬರಿದಾಗುತ್ತಿರುವಾಗಲೂ ದೋಣಿಗಳು ಓಡುತ್ತಲೇ ಇರುತ್ತವೆ, ಹತ್ತಿಸಿ ಕೂರಿಸುವವರಿದ್ದರೆ.

ಈ ಜೋಡಿ ಸಾಗಾಟದ ಊಹೆಯನ್ನು ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಮೊದಲು ಮುಂದಿಟ್ಟದ್ದು 1960ರಲ್ಲಿ, ಪ್ರಾಗ್ ನಗರದ ಒಂದು ವಿಚಾರ ಸಂಕಿರಣದಲ್ಲಿ. ಅವರು ಯೋಚಿಸುತ್ತಿದ್ದುದು ಕರುಳು ಗ್ಲೂಕೋಸನ್ನು ಹೇಗೆ ಹೀರುತ್ತದೆ ಎಂಬುದರ ಬಗ್ಗೆ. ಭೇದಿಯ ಮಾತು ಅಲ್ಲಿರಲಿಲ್ಲ. ಇತ್ತ ಕಲ್ಕತ್ತೆಯಲ್ಲಿ ಹೇಮೇಂದ್ರನಾಥ ಚಟರ್ಜಿ ಎಂಬ ವೈದ್ಯರು ಅದಕ್ಕೂ ಮೊದಲೇ, 1953ರಲ್ಲಿ, ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕೊಟ್ಟು ಕಾಲರಾ ರೋಗಿಗಳನ್ನು ಉಳಿಸಿದ್ದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ವಾಂತಿ ತಡೆಯಲು ಅವರು ಬಳಸಿದ್ದರಲ್ಲಿ ಒಂದು ಎಲೆಯ ರಸವೂ ಇತ್ತು. ಆ ಎಲೆ ನಮ್ಮ ಹಿತ್ತಲಿನ ದೊಡ್ಡಪತ್ರೆ. ಅವರ ಬರಹವನ್ನು ಆಗ ಹೆಚ್ಚು ಜನ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಎಷ್ಟು ಹೋಯಿತು, ಎಷ್ಟು ಒಳಸೇರಿತು ಎಂಬ ಲೆಕ್ಕ ಅದರಲ್ಲಿರಲಿಲ್ಲ ಎಂಬುದು ಒಂದು ಕಾರಣ. ಕಾರ್ಯಕಾರಣ ವಿವರಿಸುವ ಸಿದ್ಧಾಂತವೂ ಇನ್ನೂ ಹುಟ್ಟಿರಲಿಲ್ಲ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದು ಮನಿಲಾದಲ್ಲಿ ಗೊತ್ತಾಯಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ರಾಬರ್ಟ್ ಫಿಲಿಪ್ಸ್ ಅವರ ತಂಡ ಗ್ಲೂಕೋಸ್ ಬೆರೆತ ಉಪ್ಪುನೀರನ್ನು ಕಾಲರಾ ರೋಗಿಗಳಿಗೆ ಕುಡಿಸಿ ನೋಡಿತು. ದ್ರಾವಣ ಒಳಗೆ ಹೀರಿಕೆಯಾಗುವುದು ಖಚಿತವಾಯಿತು. ಆದರೆ ಅದು ತೀರಾ ಗಟ್ಟಿಯಾಗಿತ್ತು. ಪ್ರಯೋಗ ಮುಂದುವರಿದಾಗ ಐವರು ತೀರಿಕೊಂಡರು. ಫಿಲಿಪ್ಸ್ ಆ ದಾರಿಯನ್ನೇ ಕೈಬಿಟ್ಟರು, ಮುಂದೆ ಬೇರೆಯವರು ಹಿಡಿದಾಗಲೂ ಅಂಜಿಕೆಯಿಂದಲೇ ನೋಡಿದರು. ಅದು ಒಪ್ಪಬೇಕಾದ ಅಂಜಿಕೆಯೇ.

ಆ ಅಂಜಿಕೆಯನ್ನು ಬಿಡಿಸಿದ್ದು ಢಾಕಾದ ಕಾಲರಾ ಸಂಶೋಧನಾಲಯದ ಇಬ್ಬರು ತರುಣರು, ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್. ಅಲ್ಲಿ ಕಾಲರಾ ರೋಗಿಗಳನ್ನು ಮಲಗಿಸುವ ಮಂಚದ ನಡುವೆ ಒಂದು ತೂತು, ತೂತಿನ ಕೆಳಗೆ ಅಳತೆಯ ಬಕೆಟ್ಟು. ಎಷ್ಟು ಹೋಯಿತು ಎಂಬುದು ಬಕೆಟ್ಟಿನ ಮೇಲಿನ ಗೆರೆಯಲ್ಲೇ ಕಾಣುತ್ತದೆ. ಇಬ್ಬರೂ ಮಾಡಿದ ಕೆಲಸ ಕೇಳಲು ಸರಳ: ಹೊರಗೆ ಎಷ್ಟು ಹೋಯಿತೋ ಅದಕ್ಕೆ ಸರಿಗಟ್ಟುವಷ್ಟು ಕುಡಿಸುವುದು, ಹೊತ್ತು ಹೊತ್ತಿಗೆ ಲೆಕ್ಕ ಸರಿತೂಗಿಸುವುದು. 29 ರೋಗಿಗಳ ಮೇಲಿನ ಫಲಿತಾಂಶವನ್ನು 1968ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ನರಕ್ಕೆ ಹಾಕುವ ಸಲೈನಿನ ಅಗತ್ಯ ಐದರಲ್ಲಿ ನಾಲ್ಕು ಪಾಲು ತಗ್ಗಿತ್ತು.

ಆದರೂ ಅದು ಮಂಚ, ಬಕೆಟ್ಟು, ನುರಿತ ದಾದಿಯರು ಇರುವ ಜಾಗದ ಮಾತು. ಆಸ್ಪತ್ರೆಯ ಹೊರಗೆ, ಓದುಬರಹ ಬಾರದ ಸಂಬಂಧಿಕರ ಕೈಯಲ್ಲಿ ಇದು ನಡೆಯುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯೋಗವನ್ನು ಯಾರೂ ಬೇಕೆಂದು ಏರ್ಪಡಿಸುತ್ತಿರಲಿಲ್ಲ. ಯುದ್ಧ ಅದನ್ನು ಮಾಡಿಸಿತು.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಮಳೆಗಾಲದ ಹೊತ್ತಿಗೆ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಗಡಿಗೆ ಹತ್ತಿರದ ಬನಗಾಂವ್ ಪಟ್ಟಣದ ಆಸ್ಪತ್ರೆಗೆ ಕಲ್ಕತ್ತೆಯ ಜಾನ್ಸ್ ಹಾಪ್ಕಿನ್ಸ್ ಸಂಶೋಧನಾ ಕೇಂದ್ರದಿಂದ ಮಕ್ಕಳ ವೈದ್ಯ ದಿಲೀಪ್ ಮಹಾಲನಬೀಸ್ ತಮ್ಮ ತಂಡದೊಂದಿಗೆ ಜೂನ್ ಕೊನೆಯ ವಾರ ಬಂದಿಳಿದರು. ಎರಡು ಕೋಣೆ, ಹದಿನಾರು ಹಾಸಿಗೆ. ರೋಗಿಗಳು ನೆಲದ ತುಂಬ. ಸಲೈನ್ ಸೂಜಿ ಚುಚ್ಚಬೇಕಾದರೆ ಮಲ ಮತ್ತು ವಾಂತಿಯ ನಡುವೆಯೇ ಮಂಡಿಯೂರಬೇಕಿತ್ತು ಎಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಎರಡು ವಾರದಲ್ಲಿ ಗೊತ್ತಾಯಿತು, ಸಲೈನ್ ಬಾಟಲಿಗಳು ಸಾಲುವುದಿಲ್ಲ, ಹಾಕುವ ಕೈಗಳೂ ಸಾಲುವುದಿಲ್ಲ.

ಆಗ ಕಲ್ಕತ್ತೆಯ ಕೇಂದ್ರದ ಗ್ರಂಥಾಲಯದ ಕೋಣೆ ಕಾರ್ಖಾನೆಯಾಯಿತು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಅಳೆದು, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿಗೆ ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿಸಿ ಮುಚ್ಚುತ್ತಿದ್ದರು. ಪೊಟ್ಯಾಸಿಯಂ ಕೂಡ ಇರಬೇಕಿತ್ತು, ಆದರೆ ಸುಲಭವಾಗಲಿ ಎಂದು ಬಿಟ್ಟರು. ಒಂದು ಲೀಟರಿನ ಸಾಮಗ್ರಿಗೆ ತಗುಲಿದ್ದು 11 ಪೈಸೆ. ಬನಗಾಂವಿನಲ್ಲಿ ಅದನ್ನು ಡ್ರಮ್ಮುಗಳಲ್ಲಿ ಕಲಸಿ, ನಲ್ಲಿಯಿಂದ ಲೋಟಕ್ಕೆ ಹಿಡಿದು, ರೋಗಿಯ ಪಕ್ಕದಲ್ಲಿ ಕುಳಿತ ಅಮ್ಮನೋ ಅಣ್ಣನೋ ಕುಡಿಸುತ್ತಿದ್ದರು. ಜನರಿಗೆ ನಂಬಿಕೆ ಬರಲೆಂದು ಅದಕ್ಕೆ "ಓರಲ್ ಸಲೈನ್" ಎಂದು ಹೆಸರಿಟ್ಟರಂತೆ. ಬಾಟಲಿಯಲ್ಲಿರುವುದೇ ಲೋಟದಲ್ಲೂ ಇದೆ ಎಂದರೆ ಕುಡಿಯುತ್ತಾರೆ ಎಂಬ ಎಣಿಕೆ. ಔಷಧ ಎಂದರೆ ಸೂಜಿ ಎಂದು ತಿಳಿದ ಜನರ ಮನಸ್ಸನ್ನು ಆ ವೈದ್ಯರು ಚೆನ್ನಾಗಿ ಬಲ್ಲವರಾಗಿದ್ದರು.

ತೀರಾ ಕುಸಿದವರಿಗೆ ಮೊದಲು ಸಲೈನ್ ಹಾಕಿ, ಅವರು ನುಂಗುವಷ್ಟು ಚೇತರಿಸಿಕೊಂಡ ಕೂಡಲೇ ಲೋಟಕ್ಕೆ ದಾಟಿಸುತ್ತಿದ್ದರು. ಉಳಿದವರಿಗೆ ಮೊದಲಿನಿಂದಲೂ ಲೋಟವೇ. ಶಿಬಿರಗಳಲ್ಲಿ ಅಲ್ಲಿಯವರೆಗೆ ಕಾಲರಾದಿಂದ ನೂರಕ್ಕೆ ಸುಮಾರು ಮೂವತ್ತು ಜನ ಸಾಯುತ್ತಿದ್ದರು. ಮಹಾಲನಬೀಸ್ ಅವರ ತಂಡ ನೋಡಿಕೊಂಡ ಸುಮಾರು 3,700 ರೋಗಿಗಳಲ್ಲಿ ಸತ್ತವರು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಈ ವರದಿ ಅಚ್ಚಾದದ್ದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ ಬನಗಾಂವಿಗೆ ಬಂದು ಕಣ್ಣಾರೆ ನೋಡಿಹೋದವರು. ಜಿನೀವಾದಲ್ಲಿ ಈ ಪುಡಿಯ ಪರವಾಗಿ ಪಟ್ಟು ಹಿಡಿದವರೂ ಅವರೇ. ಮಹಾಲನಬೀಸ್ 2022ರ ಅಕ್ಟೋಬರಿನಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು.

ಈಗ ಅಂಗಡಿಯಲ್ಲಿ ಸಿಗುವ ಪೊಟ್ಟಣಕ್ಕೆ ಬರೋಣ. ಅದು ಬನಗಾಂವಿನ ಪುಡಿಯಲ್ಲ. ಒಂದು ಲೀಟರಿನ ಪೊಟ್ಟಣದ ಹಿಂದೆ ಬರೆದಿರುವುದನ್ನು ಓದಿದರೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ, ಒಟ್ಟು 20.5 ಗ್ರಾಂ. ಪೊಟ್ಯಾಸಿಯಂ ಭೇದಿಯಲ್ಲಿ ಹೋದದ್ದನ್ನು ತುಂಬಲು, ಸಿಟ್ರೇಟ್ ರಕ್ತದಲ್ಲಿ ಹೆಚ್ಚಿದ ಆಮ್ಲವನ್ನು ತಗ್ಗಿಸಲು. ಹಳೆಯ ಪುಡಿಯಲ್ಲಿ ಗ್ಲೂಕೋಸ್ 20 ಗ್ರಾಂ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಲ್ಲಿ ಸಕ್ಕರೆ ಉಪ್ಪು ಎರಡನ್ನೂ ಇಳಿಸಿದವು. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದಾಗಬೇಕಲ್ಲ, ಇಳಿಸಿದ್ದೇಕೆ?

ಸೌತೆಕಾಯಿಯನ್ನು ಮತ್ತೆ ನೆನಪಿಸಿಕೊಳ್ಳಿ. ದೋಣಿಗಳ ಸಂಖ್ಯೆಗೆ ಮಿತಿಯಿದೆ. ದಡದಲ್ಲಿ ದೋಣಿಗೆ ಸಿಗದಷ್ಟು ಗ್ಲೂಕೋಸ್ ರಾಶಿ ಬಿದ್ದರೆ, ಕರುಳಿನ ಕೊಳವೆಯೊಳಗೇ ಕರಗಿದ ವಸ್ತು ಹೆಚ್ಚಾಗುತ್ತದೆ. ಆಗ ನೀರು ಒಳಗೆ ಹೋಗುವ ಬದಲು ರಕ್ತದ ಕಡೆಯಿಂದ ಕರುಳಿಗೇ ವಾಪಸು ಹರಿಯುತ್ತದೆ. ಹೊಸ ಪುಡಿಯ ದ್ರಾವಣ ರಕ್ತಕ್ಕಿಂತ ಸ್ವಲ್ಪ ತೆಳು. ಅದರಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಕಣಗಳ ಸಂಖ್ಯೆ ಸರಿಸಮ. ಈ ತೆಳು ದ್ರಾವಣ ಕೊಟ್ಟ ಮಕ್ಕಳಲ್ಲಿ ಭೇದಿಯ ಪ್ರಮಾಣ, ವಾಂತಿ ಎರಡೂ ತಗ್ಗಿದವು, ಕೊನೆಗೆ ಸಲೈನ್ ಹಾಕಿಸಬೇಕಾಗಿ ಬಂದವರು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾದರು.

ಇದೇ ಲೆಕ್ಕವನ್ನು ಕೋಲಾ ಬಾಟಲಿಗೆ ಹಚ್ಚಿ ನೋಡಿ. ಒಂದು ಲೀಟರ್ ಕೋಲಾದಲ್ಲಿ ನೂರು ಗ್ರಾಂ ದಾಟಿ ಸಕ್ಕರೆ ಇರುತ್ತದೆ, ಅಂದರೆ ಪೊಟ್ಟಣದಲ್ಲಿರುವ ಗ್ಲೂಕೋಸಿನ ಏಳೆಂಟು ಪಟ್ಟು. ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ದೋಣಿಯಲ್ಲಿ ಎರಡು ಸೀಟು ಖಾಲಿ, ದಡದಲ್ಲಿ ಮೂರನೆಯವರದೇ ಜಾತ್ರೆ. ಭೇದಿಯಾದ ಮಗುವಿಗೆ ಇದನ್ನಾಗಲಿ, ಪೆಟ್ಟಿಗೆಯಲ್ಲಿ ಬರುವ ಹಣ್ಣಿನ ರಸವನ್ನಾಗಲಿ ಕೊಟ್ಟರೆ ಭೇದಿ ಹೆಚ್ಚಾಗುವುದು ಇದರಿಂದ. ಔಷಧಿ ಅಂಗಡಿಗಳಲ್ಲೇ ಸಿಗುತ್ತಿದ್ದ, ಹೆಸರಿನಲ್ಲಿ ಓಆರ್‌ಎಸ್ ಎಂಬ ಅಕ್ಷರಗಳಿದ್ದ ಕೆಲವು ಸಿಹಿ ಪಾನೀಯಗಳೂ ಇದೇ ಜಾತಿಯವು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ ಪಾನೀಯಗಳ ಹೆಸರಿನಲ್ಲಿ ಆ ಮೂರಕ್ಷರ ಬಳಸಬಾರದೆಂದು ಆದೇಶ ಹೊರಡಿಸಿತು. ಕೊಳ್ಳುವವರು ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ, ಗ್ಲೂಕೋಸ್ ಲೀಟರಿಗೆ 13.5 ಗ್ರಾಂ ಇದೆಯೇ ನೋಡಿದರೆ ಸಾಕು.

ನೀರು ಮಾತ್ರ ಕುಡಿಸಿದರೆ ತಪ್ಪು ಇನ್ನೊಂದು ಕಡೆಗೆ. ಹೋದದ್ದು ಉಪ್ಪು ಮತ್ತು ನೀರು, ತುಂಬಿದ್ದು ಬರೀ ನೀರು. ಹೀರಿಕೆ ನಿಧಾನ, ಹೀರಿಕೆಯಾದಷ್ಟೂ ರಕ್ತದ ಸೋಡಿಯಂ ತೆಳುವಾಗುತ್ತದೆ. ತೀರಾ ಇಳಿದರೆ ಮಗು ಮಂಕಾಗುತ್ತದೆ, ಫಿಟ್ಸ್ ಬರಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಹೀಗಾಗಿ ಅದು ಪುಡಿಗೆ ಜೊತೆಯಾಗಬಹುದು, ಬದಲಿಯಲ್ಲ.

ಪೊಟ್ಟಣ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಮಟ್ಟಸ ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಬಹುದು. ಸಕ್ಕರೆ ಕರುಳಿನಲ್ಲಿ ಒಡೆದು ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗುತ್ತದೆ. ದೋಣಿ ಹತ್ತುವುದು ಗ್ಲೂಕೋಸ್ ಮಾತ್ರ, ಆದ್ದರಿಂದಲೇ ಚಮಚಗಳ ಸಂಖ್ಯೆ ಆರಕ್ಕೇರಿದೆ. ಅಳತೆ ತಪ್ಪುವುದು ಸಾಮಾನ್ಯವಾಗಿ ಉಪ್ಪಿನಲ್ಲಿ. ಕುಡಿಸುವ ಮೊದಲು ನಾಲಿಗೆಗೆ ಹಚ್ಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಕಲಸಬೇಕು.

ಅಜ್ಜಿಯರ ಗಂಜಿ ಇಲ್ಲಿ ಸಕ್ಕರೆಯನ್ನೂ ಮೀರಿಸುವ ಒಂದು ಉಪಾಯ ಬಲ್ಲದು. ಅಕ್ಕಿಯ ಪಿಷ್ಟವೆಂದರೆ ಸಾವಿರಾರು ಗ್ಲೂಕೋಸ್ ಕಣಗಳು ಪೋಣಿಸಿದ ಸರ. ನೀರನ್ನು ಎಳೆಯುವ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಕಣಗಳ ಸಂಖ್ಯೆ, ಗಾತ್ರವಲ್ಲ. ಹಾಗಾಗಿ ಇಡೀ ಸರ ಒಂದೇ ಕಣದ ಲೆಕ್ಕ. ಕರುಳಿನ ಗೋಡೆಯ ಹತ್ತಿರ ಸರ ಹರಿದು ಮಣಿಗಳು ಒಂದೊಂದಾಗಿ ಬಿದ್ದಂತೆ ದೋಣಿ ಒಂದೊಂದನ್ನೇ ಹೊತ್ತೊಯ್ಯುತ್ತದೆ. ದಡದಲ್ಲಿ ರಾಶಿ ಬೀಳುವ ಪ್ರಶ್ನೆಯೇ ಇಲ್ಲ. ಕಾಲರಾ ರೋಗಿಗಳಲ್ಲಿ ಅಕ್ಕಿಹಿಟ್ಟಿನ ಓಆರ್‌ಎಸ್ ಕೊಟ್ಟಾಗ ಭೇದಿಯ ಪ್ರಮಾಣವೂ ತಗ್ಗಿದ್ದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಗಂಜಿಯಲ್ಲಿ ಉಪ್ಪಿರಬೇಕು. ಜ್ವರ ಬಂದವರಿಗೆ ಕೊಡುವ ಹಾಗೆ ಸಪ್ಪೆ ಗಂಜಿ ಕೊಟ್ಟರೆ ದೋಣಿಯ ಎರಡು ಸೀಟು ಮತ್ತೆ ಖಾಲಿ.

ಒಂದು ಮಗುವನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಒಂದು ವರ್ಷದ್ದು, ತೂಕ 10 ಕಿಲೋ. ಬೆಳಗಿನಿಂದ ಏಳೆಂಟು ಸಲ ನೀರಾಗಿ ಹೋಗಿದೆ. ಕಣ್ಣು ಗುಳಿಬಿದ್ದಿವೆ, ರಚ್ಚೆ ಹಿಡಿದಿದೆ, ಲೋಟ ಕಂಡರೆ ಆತುರದಿಂದ ಬಾಯಿ ಹಾಕುತ್ತದೆ. ಹೊಕ್ಕುಳ ಪಕ್ಕದ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರೆ ತಟ್ಟನೆ ಸಪಾಟಾಗದೆ ನಿಧಾನವಾಗಿ ಇಳಿಯುತ್ತದೆ. ಇದು ಮಧ್ಯಮ ಮಟ್ಟದ ನೀರಿನ ಕೊರತೆ. ಕಿಲೋ ತೂಕಕ್ಕೆ 75 ಮಿಲಿಯಂತೆ ನಾಲ್ಕು ಗಂಟೆಯಲ್ಲಿ 750 ಮಿಲಿ ಒಳಗೆ ಹೋಗಬೇಕು. ಆರೋಗ್ಯ ಕೇಂದ್ರದಲ್ಲಿ ಕೂರಿಸಿಕೊಂಡು ಮಾಡುವ ಕೆಲಸ ಇದು.

ಪೊಟ್ಟಣ ಒಂದು ಲೀಟರಿನದಾದರೆ ಇಡೀ ಪುಡಿಯನ್ನು ಇಡೀ ಲೀಟರಿಗೆ ಒಂದೇ ಸಲ ಕಲಸಬೇಕು. ದೊಡ್ಡ ತಪ್ಪು ನಡೆಯುವುದು ಇಲ್ಲೇ. ಮಗು ಅಷ್ಟೊಂದು ಕುಡಿಯುವುದಿಲ್ಲ ಎಂದು ಪೂರ್ತಿ ಪುಡಿಯನ್ನು 200 ಮಿಲಿಯ ಒಂದು ಲೋಟಕ್ಕೆ ಸುರಿದರೆ ದ್ರಾವಣ ಐದು ಪಟ್ಟು ಗಟ್ಟಿಯಾಗುತ್ತದೆ. ಅದು ಕರುಳಿಗೆ ನೀರನ್ನು ಎಳೆಯುತ್ತದೆ, ರಕ್ತದಲ್ಲಿ ಸೋಡಿಯಂ ಏರಿಸುತ್ತದೆ. ಎಷ್ಟು ಕುಡಿಸಿದರೂ ತೀರದ ಬಾಯಾರಿಕೆ, ವಿಪರೀತ ಕಿರಿಕಿರಿ, ಮೈ ನಡುಕ ಕಂಡರೆ ಕಲಸಿದ ಬಗೆಯನ್ನು ಕೇಳಬೇಕು. ಲೋಟದ ಅಳತೆಗೆ ಬೇರೆಯೇ ಚಿಕ್ಕ ಪೊಟ್ಟಣಗಳಿವೆ. ಯಾವ ಪೊಟ್ಟಣ ಎಷ್ಟು ನೀರಿಗೆ ಎಂಬುದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಹಾಲು, ಹಣ್ಣಿನ ರಸ, ಸೋಡಾ ಯಾವುದಕ್ಕೂ ಪುಡಿ ಬೆರೆಸುವಂತಿಲ್ಲ, ರುಚಿಗೆಂದು ಇನ್ನೊಂದು ಚಮಚ ಸಕ್ಕರೆಯೂ ಬೇಡ. ಕಲಸಿ 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಬೇಕು.

750 ಮಿಲಿ ಎಂದರೆ 150 ಟೀ ಚಮಚ. ನಾಲ್ಕು ಗಂಟೆಗೆ ಹಂಚಿದರೆ ಒಂದೂವರೆ ನಿಮಿಷಕ್ಕೊಂದು ಚಮಚ. ಲೋಟವನ್ನೇ ಬಾಯಿಗೆ ಹಿಡಿದು ಗಟಗಟನೆ ಕುಡಿಸಿದರೆ ಹೊಟ್ಟೆ ಹಿಗ್ಗಿ ವಾಂತಿಯಾಗುತ್ತದೆ, "ಏನು ಕೊಟ್ಟರೂ ನಿಲ್ಲುತ್ತಿಲ್ಲ" ಎಂಬ ಮಾತು ಹುಟ್ಟುವುದು ಹೀಗೆ. ವಾಂತಿಯಾದರೆ ಹತ್ತು ನಿಮಿಷ ಸುಮ್ಮನಿದ್ದು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಬೇಕು. ಕುಡಿದದ್ದೆಲ್ಲ ವಾಂತಿಯಲ್ಲಿ ಹೋದಂತೆ ಕಂಡರೂ ಒಳಗೆ ಉಳಿಯುವುದು ಸಾಮಾನ್ಯವಾಗಿ ಅಂದುಕೊಂಡದ್ದಕ್ಕಿಂತ ಹೆಚ್ಚು. ನಾಲ್ಕು ಗಂಟೆ ಚಮಚ ಹಿಡಿದು ಕೂರುವುದು ಸಣ್ಣ ಕೆಲಸವಲ್ಲ. ಕೂಲಿ ಬಿಟ್ಟು ಬಂದ ತಾಯಿಗೆ ಸಲೈನ್ ಬಾಟಲಿ ಆಕರ್ಷಕವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ, ಮತ್ತು ಇದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ. ಎದೆಹಾಲು ನಡುನಡುವೆ ನಡೆಯುತ್ತಲೇ ಇರಬೇಕು. ನೀರಿನ ಕೊರತೆ ತುಂಬಿದ ಮೇಲೆ ಊಟ ಎಂದಿನಂತೆ, ಪ್ರತಿ ಭೇದಿಗೂ 50ರಿಂದ 100 ಮಿಲಿ ದ್ರಾವಣ, ಜೊತೆಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಸತುವಿನ ಮಾತ್ರೆ 14 ದಿನ.

ಲೋಟಕ್ಕೆ ಬಗ್ಗದ ಸ್ಥಿತಿಗಳೂ ಇವೆ. ಮಗು ಎಬ್ಬಿಸಿದರೂ ಕಣ್ಣು ಬಿಡದಷ್ಟು ಮಂಪರಿನಲ್ಲಿದ್ದರೆ, ಕುಡಿಯಲಾಗದಿದ್ದರೆ, ಚಿವುಟಿದ ಚರ್ಮ ಎರಡು ಸೆಕೆಂಡು ದಾಟಿದರೂ ಇಳಿಯದಿದ್ದರೆ ಅದು ತೀವ್ರ ಕೊರತೆ, ಆಗ ನರಕ್ಕೆ ಸಲೈನೇ ಬೇಕು, ತಡವಿಲ್ಲದೆ. ಹೊಟ್ಟೆ ಉಬ್ಬರಿಸಿ ಕರುಳು ಸ್ತಬ್ಧವಾಗಿದ್ದರೂ, ವಾಂತಿ ಎಡೆಬಿಡದೆ ಆಗುತ್ತಿದ್ದರೂ ಬಾಯಿಯ ದಾರಿ ನಡೆಯದು. ಮಲದಲ್ಲಿ ರಕ್ತ ಕಂಡರೆ ನೀರು ತುಂಬುವುದರ ಜೊತೆ ರೋಗಾಣುವಿಗೂ ಮದ್ದು ಬೇಕಾಗುತ್ತದೆ, ಅದು ವೈದ್ಯರ ಕೆಲಸ.

ಇನ್ನೊಂದು ಸ್ಥಿತಿ ತೀರಾ ಅಪರೂಪ, ಆದರೆ ಇಡೀ ಕಥೆಗೆ ಸಾಕ್ಷಿ ಅದೇ. ಕೆಲವು ಮಕ್ಕಳು ಕೆಟ್ಟ ದೋಣಿಗಳೊಂದಿಗೇ ಹುಟ್ಟುತ್ತವೆ. ಎಸ್‌ಜಿಎಲ್‌ಟಿ-1 ತಯಾರಿಸುವ ಜೀನಿನಲ್ಲೇ ದೋಷ. ಅಂಥ ಕೂಸಿಗೆ ತಾಯಿಯ ಮೊದಲ ಹಾಲೇ ಭೇದಿ ತರುತ್ತದೆ, ಏಕೆಂದರೆ ಹಾಲಿನ ಸಕ್ಕರೆ ಒಡೆದು ಬರುವ ಗ್ಲೂಕೋಸ್, ಗ್ಯಾಲಕ್ಟೋಸ್ ಎರಡಕ್ಕೂ ಬೇಕಾದದ್ದು ಅದೇ ದೋಣಿ. ಉಳಿದೆಲ್ಲ ಮಕ್ಕಳನ್ನು ಕಾಯುವ ಓಆರ್‌ಎಸ್ ಈ ಕೂಸಿನ ಭೇದಿಯನ್ನು ಹೆಚ್ಚಿಸುತ್ತದೆ. ಬೇರೆ ದಾರಿಯಲ್ಲಿ ಒಳಹೋಗುವ ಫ್ರಕ್ಟೋಸ್ ಇರುವ ಆಹಾರಕ್ಕೆ ಬದಲಿಸಿದರೆ ಭೇದಿ ನಿಲ್ಲುತ್ತದೆ. 1987ರಲ್ಲಿ ಈ ದೋಣಿಯ ಜೀನನ್ನು ಗುರುತಿಸಿದ ಅಮೆರಿಕದ ಅರ್ನೆಸ್ಟ್ ರೈಟ್ ಅವರ ತಂಡವೇ ನಾಲ್ಕು ವರ್ಷದ ಬಳಿಕ ಇಂಥ ಮಕ್ಕಳಲ್ಲಿ ಅದರ ದೋಷವನ್ನೂ ತೋರಿಸಿಕೊಟ್ಟಿತು. ಕ್ರೇನ್ ಅವರ ಊಹೆಗೆ ಮೂವತ್ತೊಂದು ವರ್ಷ ತುಂಬಿತ್ತು.

ಹತ್ತು ಕಿಲೋ ತೂಕದ ಆ ಮಗುವಿಗೆ ನಾಲ್ಕು ಗಂಟೆ ಕಳೆದಿದೆ. ಈ ನಡುವೆ ಮೂರು ಸಲ ಭೇದಿಯಾಗಿದೆ, ಬೆಳಗಿನಷ್ಟೇ ನೀರಾಗಿ. ನರ್ಸು ಭೇದಿಯ ಸಂಖ್ಯೆಯನ್ನು ಬರೆದುಕೊಳ್ಳುತ್ತಾಳೆ, ಆದರೆ ನೋಡುವುದು ಬೇರೆಯದನ್ನು. ಹೊಟ್ಟೆಯ ಚರ್ಮ ಚಿವುಟಿ ಬಿಡುತ್ತಾಳೆ, ತಟ್ಟನೆ ಸಪಾಟಾಗುತ್ತದೆ. ಅಳುವಾಗ ಕಣ್ಣಲ್ಲಿ ನೀರು ಬರುತ್ತಿದೆ. ಲೋಟ ತೋರಿಸಿದರೆ ಮಗು ಮುಖ ತಿರುಗಿಸುತ್ತದೆ, ಬಾಯಾರಿಕೆ ತೀರಿದೆ. "ಉಚ್ಚೆ ಹೊಯ್ತಾ?" ಎಂದು ತಾಯಿಯನ್ನು ಕೇಳುತ್ತಾಳೆ. "ಈಗಷ್ಟೇ ಹೊಯ್ತು ಸಿಸ್ಟರ್, ಸೀರೆಯೆಲ್ಲ ಒದ್ದೆ."